ಕಬ್ಬಿನ ಹೊಲದಲ್ಲಿ ಬ್ಯಾಟರಿ ಮುಗಿಸುವ ವಿಧಾನ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಮುಧೋಳ, ಜಮಖಂಡಿ ಕಡೆಯ ಕಬ್ಬಿನಲ್ಲಿ ಮಣ್ಣಿನ ತೇವ ಅಳೆಯುವ ಬೋರ್ಡು ನೆಡುವವರಿಗಾಗಿ. ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡಿನವರು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸುಖವಾಗಿರಬಹುದು.

ಬೇಕಾಗುವ ಸಾಮಾನು: 3.3 ವೋಲ್ಟಿನ ಮೈಕ್ರೊಕಂಟ್ರೋಲರ್ ಬೋರ್ಡು, 2500 ಮಿಲಿಆಂಪಿಯರ್-ಗಂಟೆಯ ಒಂದು ಲಿಥಿಯಂ ಸೆಲ್, ಮಲ್ಟಿಮೀಟರ್, ತುಂಬುತೋಳಿನ ದಪ್ಪ ಅಂಗಿ.

ಹಂತ 1. ಅಂಗಡಿಯಲ್ಲಿ ಮೊದಲು ಸಿಕ್ಕ ಲೀನಿಯರ್ ರೆಗ್ಯುಲೇಟರ್ ಎಎಂಎಸ್1117 ಹಾಕಿ. ಬೋರ್ಡು ಮಲಗಿದರೂ ಇದು ಮಲಗುವುದಿಲ್ಲ, ತನ್ನ ಪಾಲಿಗೆ ಸುಮಾರು 5 ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತದೆ. ಅಂದರೆ 500 ಗಂಟೆ, ಮೂರು ವಾರಕ್ಕೆ ಸೆಲ್ ಖಾಲಿ. ಮೇಲಾಗಿ ಇದಕ್ಕೆ ಔಟ್‌ಪುಟ್‌ಗಿಂತ ಒಂದು ವೋಲ್ಟಿನಷ್ಟು ಹೆಚ್ಚು ಬೇಕು. ಸೆಲ್ ಕೊಡುವುದು ಬಹುಪಾಲು 3.7 ವೋಲ್ಟ್. ಹೀಗಾಗಿ ರೇಡಿಯೊ ಸಂದೇಶ ಕಳಿಸುವಾಗಲೇ ಬೋರ್ಡು ರೀಸೆಟ್ ಆದರೆ ಪ್ರೋಗ್ರಾಮನ್ನು ಬಯ್ಯಿರಿ.

ಹಂತ 2. ಸೆಲ್ ಬದಲಿಸಲು ಆಳೆತ್ತರದ ಕಬ್ಬಿನೊಳಗೆ ನುಗ್ಗಿ. ರವದಿ ಮೈಯೆಲ್ಲ ಗೀರುವಾಗ ಅಂಗಿಯ ಉಪಯೋಗ ತಿಳಿಯುತ್ತದೆ.

ಹಂತ 3. "ಲೀನಿಯರ್ ಅಂದ್ರ ದಂಡ, ಸ್ವಿಚಿಂಗ್ ಹಾಕ್ರಿ" ಎಂದವರ ಮಾತು ಕೇಳಿ ಎಲ್‌ಎಂ2596 ಮಾಡ್ಯೂಲ್ ತನ್ನಿ. ಇದೂ ಖಾಲಿ ಕೂತು ಸುಮಾರು 5 ಮಿಲಿಆಂಪಿಯರ್ ತಿನ್ನುತ್ತದೆ. ಕೆಲಸ ಮಾಡಲು ಕನಿಷ್ಠ 4.5 ವೋಲ್ಟ್ ಕೇಳುತ್ತದೆ. ಪೂರ್ತಿ ಚಾರ್ಜಾದ ಸೆಲ್ಲಿನಲ್ಲೂ ಇರುವುದು 4.2 ಮಾತ್ರ.

ಹಂತ 4. ಈ ಹಂತ ಕೈಪಿಡಿ ಪಾಲಿಸಲು ಮನಸ್ಸಿಲ್ಲದವರಿಗೆ. ಎಂಸಿಪಿ1700 ಕೂಡ ಲೀನಿಯರ್ರೇ. ಆದರೆ ತನಗೆಂದು ಎಳೆಯುವುದು ಸುಮಾರು 1.6 ಮೈಕ್ರೊಆಂಪಿಯರ್, 250 ಮಿಲಿಆಂಪಿಯರ್ ಎಳೆದಾಗಲೂ ಅದಕ್ಕೆ ಬೇಕಾದ ಅಂತರ ಸುಮಾರು 0.18 ವೋಲ್ಟ್. ಬೋರ್ಡು 15 ನಿಮಿಷಕ್ಕೊಮ್ಮೆ ಎದ್ದು ಎರಡು ಸೆಕೆಂಡು 40 ಮಿಲಿಆಂಪಿಯರ್ ಬಳಸಿದರೆ ಸರಾಸರಿ 89 ಮೈಕ್ರೊಆಂಪಿಯರ್. ನಿದ್ದೆಯದನ್ನೂ ಸೇರಿಸಿ 100 ಎನ್ನಿ. ಲೆಕ್ಕಕ್ಕೆ ಎರಡು ವರ್ಷ ದಾಟುತ್ತದೆ. ಸೆಲ್ ತಾನೇ ಸೋರಿಕೊಳ್ಳುವುದನ್ನು ಕಳೆದರೂ ಒಂದು ಬೆಳೆ ಕಟಾವಾಗುವವರೆಗೆ ಬಾಳುತ್ತದೆ. 3.7ರಿಂದ 3.3ಕ್ಕೆ ಇಳಿಸುವಲ್ಲಿ ದಂಡವಾಗುವುದು ನೂರಕ್ಕೆ 11 ಮಾತ್ರ. ಒಳ್ಳೆಯ ಸ್ವಿಚಿಂಗ್ ಹಾಕಿದರೂ ಉಳಿಯುವುದು ಅಷ್ಟರಲ್ಲೇ ಒಂದಿಷ್ಟು.

ಹಂತ 5. ಬೀಳಗಿಯ ಹಿನ್ನೀರಿನ ದಂಡೆಯ ಪಂಪ್‌ಮನೆಯ ಮಾತು ಬೇರೆ. ಅಲ್ಲಿ ಔಷಧಿ ಹೊಡೆಯುವ ಪಂಪಿನ 12 ವೋಲ್ಟ್, 8 ಆಂಪಿಯರ್-ಗಂಟೆಯ ಬ್ಯಾಟರಿ ಇದೆ, ಬೋರ್ಡು ಹಗಲಿರುಳು 100 ಮಿಲಿಆಂಪಿಯರ್ ಬೇಡುತ್ತದೆ ಎನ್ನಿ. ಲೀನಿಯರ್ ಬ್ಯಾಟರಿಯಿಂದಲೂ ಅಷ್ಟೇ ಎಳೆಯುತ್ತದೆ, ಉಳಿದ 8.7 ವೋಲ್ಟನ್ನು ಬಿಸಿ ಮಾಡಿ ಕಳೆಯುತ್ತದೆ. 80 ಗಂಟೆಗೆ ಬ್ಯಾಟರಿ ಮುಗಿಯುತ್ತದೆ. ನೂರಕ್ಕೆ 85ರ ದಕ್ಷತೆಯ ಸ್ವಿಚಿಂಗ್ ಎಳೆಯುವುದು ಸುಮಾರು 32 ಮಿಲಿಆಂಪಿಯರ್, ಹತ್ತು ದಿನ ಬರುತ್ತದೆ. ದಕ್ಷತೆ ಅಷ್ಟಿಲ್ಲದಿದ್ದರೂ ಇಲ್ಲಿ ಹಂತ 3ರ ಮಾಡ್ಯೂಲೂ ಮರ್ಯಾದೆಯಿಂದ ದುಡಿಯುತ್ತದೆ.

ಪರೀಕ್ಷೆ: ಬೋರ್ಡು ಮಲಗಿದ ಮೇಲೆ ಬ್ಯಾಟರಿ ತಂತಿಯ ನಡುವೆ ಮೀಟರ್ ಸೇರಿಸಿ. ಓದು ಮಿಲಿಆಂಪಿಯರಿನಲ್ಲಿದ್ದರೆ ಮೊದಲು ಸದಾ ಉರಿಯುವ ಕೆಂಪು ಎಲ್‌ಇಡಿ ಕಿತ್ತುಹಾಕಿ, ಆಮೇಲೆ ರೆಗ್ಯುಲೇಟರನ್ನು ಅನುಮಾನಿಸಿ.

ಹೆಚ್ಚು ಹೊತ್ತು ಮಲಗುವ, ಒಂದೇ ಸೆಲ್ಲಿನ ಬೋರ್ಡಿಗೆ ಕಡಿಮೆ ತಿನ್ನುವ ಲೀನಿಯರ್. ಸದಾ ಎಚ್ಚರವಿರುವ, 12 ವೋಲ್ಟಿನ ಬೋರ್ಡಿಗೆ ಸ್ವಿಚಿಂಗ್. ಎರಡರ ನಡುವಿನವರು ಕೊಳ್ಳುವ ಮುನ್ನ ಡೇಟಾಶೀಟಿನಲ್ಲಿ ಕ್ವೈಸೆಂಟ್ ಕರೆಂಟ್ ಎಂಬ ಸಾಲನ್ನು ಓದಿಕೊಳ್ಳಿ.