ಸಾರ್ ನೋಟ್ಸಿನ ಸಾರ

"ಅಣ್ಣಾ, ಈ ಅರ್ಜಿ ಎರಡು ಕಾಪಿ. ಒಂದು ಸಾರ್‌ಗೆ, ಒಂದು ಎಚ್‌ಒಡಿಗೆ."

ಜೆರಾಕ್ಸ್ ಅಂಗಡಿಯಣ್ಣ ಕನ್ನಡಕ ಏರಿಸಿದ. "ವಿಷಯ: ಥರ್ಮೊಡೈನಾಮಿಕ್ಸ್ ನೋಟ್ಸಿನ ಸಾರಾಂಶವನ್ನು ಜೂನಿಯರ್‌ಗಳಿಗೆ ಹಂಚಲು ಅನುಮತಿ ಕೋರಿ... ಫೈನಲ್ ಇಯರ್‌ನಲ್ಲಿ ಸಮಾಜಸೇವೆನಾ?"

"ಸಾರ್ ನೋಟ್ಸ್ 140 ಪುಟ ಅಣ್ಣಾ. ಸಾರ ತೆಗೆದರೆ 14."

"ಉಳಿದ 126?"

"ಅದು ಸಾರ್."

"ಐದು ಮಾಡ್ಯೂಲಿಗೆ 14 ಸಾಕೇನೋ?"

"ಸೂತ್ರ, ಚಿತ್ರ, ಲೆಕ್ಕದ ಹೆಜ್ಜೆ ಇಟ್ಟಿದ್ದೀನಿ. ಮುನ್ನುಡಿ ಬಿಟ್ಟೆ. ಒಂದು ಲೆಕ್ಕ ತಿದ್ದಿದೆ."

"ತಿದ್ದಿದ್ಯಾ! ಯಾವುದನ್ನ?"

"ಕಾರ್ನೋ ಎಂಜಿನ್. ಬಿಸಿ ಕಡೆ 327 ಡಿಗ್ರಿ, ತಣ್ಣನೆ ಕಡೆ 27. ಎರಡಕ್ಕೂ 273 ಕೂಡಿಸಿ ಕೆಲ್ವಿನ್ ಮಾಡಬೇಕು, 600 ಮತ್ತು 300. ದಕ್ಷತೆ 50 ಪರ್ಸೆಂಟ್. ನೋಟ್ಸಲ್ಲಿ ಸೆಲ್ಸಿಯಸ್ಸೇ ಹಾಕಿ 92 ಬಂದಿತ್ತು."

"ಸಾರ್‌ಗೆ ಹೇಳಿದ್ಯಾ?"

"ಹೇಳಿದೆ. 'ಹದಿನೈದು ವರ್ಷದಿಂದ ಎಲ್ಲರಿಗೂ 92 ಬರ್ತಿದೆ, ನಿನಗೊಬ್ಬನಿಗೆ 50 ಯಾಕೆ ಬಂತು?' ಅಂದರು."

"ಪಾಪ, ನಿನಗೆ ಮಾರ್ಕ್ಸ್ ಕಮ್ಮಿ ಬಂತು ಅಂತ ಮರುಕ."

"ತಿದ್ದಿದ್ದನ್ನೂ ಅರ್ಜಿಯಲ್ಲಿ ಬರೆದಿದ್ದೀನಿ. ಮಾರಾಟಕ್ಕಲ್ಲ, ಹಂಚೋದು ಮೂರನೇ ಸೆಮಿಸ್ಟರಿನವರಿಗೆ ಮಾತ್ರ, ಮೂಲ ಸಾರ್‌ರವರದ್ದು ಅಂತಾನೂ."

ಅಂಗಡಿಯಣ್ಣ ಕೈ ಒರೆಸಿಕೊಂಡು ಕೆಳಗಿನ ರ‍್ಯಾಕಿನಿಂದ ಎಣ್ಣೆ ಕಲೆಯ ಕಟ್ಟೊಂದನ್ನು ಎಳೆದ. "ಸಾರ್ ಮಾಸ್ಟರ್ ಕಾಪಿ. ವರ್ಷವರ್ಷ ನಾನೇ ಹೊಡೆದು ಮಾರ್ತೀನಿ, ಒಬ್ಬರೂ ಅರ್ಜಿ ಕೇಳಿಲ್ಲ. ಮೊದಲನೇ ಪುಟದ ಮೂಲೆ ನೋಡು."

"ಯಾರದೋ ರಿಜಿಸ್ಟರ್ ನಂಬರ್!"

"ಸಾರ್ ಅದನ್ನ ಅಳಿಸೋದು ಮರೆತವ್ರೆ."

"ಹಾಗಾದರೆ ಮೂರು ಕಾಪಿ ಮಾಡಣ್ಣಾ. ಇನ್ನೊಂದು ಆ ಹುಡುಗನಿಗೆ."