ಕಪ್ಪಣ್ಣನ ಮೂಲಶೋಧ

ಕಪ್ಪಣ್ಣ ಅನ್ನುವುದು ಅವರಿಗೆ ಹೆತ್ತವರು ಇಟ್ಟ ಹೆಸರಲ್ಲ. ವರ್ಷವರ್ಷವೂ ಐಪಿಎಲ್ ಶುರುವಾಗುವ ಮುನ್ನ ‘ಈ ಸಲ ಕಪ್ ನಮ್ದೇ’ ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತಿದ್ದುದರಿಂದ ಜನ ಅವರನ್ನು ಕಪ್ ಅಣ್ಣ ಎಂದರು, ಮಕ್ಕಳ ಬಾಯಲ್ಲಿ ಅದು ಕಪ್ಪಣ್ಣ ಆಯಿತು. ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಇವರ ಆರ್‌ಸಿಬಿ ಜೆರ್ಸಿ 2009, 2011, 2016ರ ಮೂರು ಫೈನಲ್ ಸೋಲುಗಳನ್ನು ಕಂಡಿದೆ. ಅದರ ಬಣ್ಣ ಹೋಗಿದೆ, ಇವರ ಭರವಸೆ ಹೋಗಿಲ್ಲ.

ಬರೀ ಅಭಿಮಾನಿಯಾಗಿದ್ದರೆ ಇವರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ಕಪ್ಪಣ್ಣ ಆರ್‌ಸಿಬಿ ಜೋಕುಗಳ ಶಾನುಭೋಗರು. ಯಾವ ಜೋಕು ಯಾವ ಮ್ಯಾಚಿನ ಸಂತಾನ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿದೆ.

ನಮ್ಮ ಬೀದಿಯ ದರ್ಶಿನಿಯಲ್ಲಿ ಒಂದು ಸಂಜೆ ಅವರ ಬಿಲ್ಲು ನಲವತ್ತೊಂಬತ್ತು ರೂಪಾಯಿ ಆಯಿತು. “ಅಯ್ಯೋ, ಆ ನಂಬರ್ ಬೇಡಪ್ಪ, ಐವತ್ತು ಮಾಡಿಬಿಡು” ಎಂದರು. ಗಲ್ಲಾದವನು ಬಿದ್ದುಬಿದ್ದು ನಕ್ಕ. ಹಿಂದೆ ನಿಂತಿದ್ದ ಕಲಬುರಗಿಯ ಹುಡುಗ, ಬೀದಿಗೆ ಹೊಸ ಬಾಡಿಗೆದಾರ, ಕಕ್ಕಾಬಿಕ್ಕಿಯಾದ. “ಅದ್ರಾಗ ನಗೂದು ಏನೈತ್ರಿ?”

“ಏನೈತಿ ಅಂತ ಕೇಳಬಾರದು. ಯಾವ ಮ್ಯಾಚು ಅಂತ ಕೇಳಬೇಕು” ಎಂದು ಕಪ್ಪಣ್ಣ ಪಾಠ ಶುರುಮಾಡಿದರು. ಅಂಕಿಯ ಜೋಕಿಗೆ ತವರುಮನೆ ಸ್ಕೋರ್‌ಕಾರ್ಡ್. 2017ರ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತ 131ಕ್ಕೆ ಆಲೌಟಾಗಿತ್ತು. ಗೇಲ್, ಕೊಹ್ಲಿ, ಡಿ ವಿಲಿಯರ್ಸ್ ಮೂವರೂ ಇದ್ದ ನಮ್ಮ ತಂಡ 9.4 ಓವರಿನಲ್ಲಿ 49ಕ್ಕೆ ಗಂಟುಮೂಟೆ ಕಟ್ಟಿತು. ಹನ್ನೊಂದು ಜನರಲ್ಲಿ ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಕೇದಾರ್ ಜಾಧವ್ ಹೊಡೆದ ಒಂಬತ್ತೇ ಅತಿ ಹೆಚ್ಚು.

ಹುಡುಗ ತಲೆಯಾಡಿಸಿ ಹೊರಟ. ಕಪ್ಪಣ್ಣ ತೋಳು ಹಿಡಿದು ನಿಲ್ಲಿಸಿದರು. “ಎಲ್ಲರೂ ಇಲ್ಲೇ ನಿಂತುಬಿಡ್ತಾರೆ. ಇದು ಅರ್ಧ ಜೋಕು ಮಾತ್ರ. ತಾರೀಖು ಇಟ್ಕೊಂಡು ಹಿಂದಕ್ಕೆ ಹೋಗು.” 2013ರಲ್ಲೂ ಏಪ್ರಿಲ್ 23 ಬಂದಿತ್ತು. ಅಂದು ಚಿನ್ನಸ್ವಾಮಿಯಲ್ಲಿ ಪುಣೆ ವಾರಿಯರ್ಸ್ ಮೇಲೆ ಗೇಲ್ ಒಬ್ಬರೇ 66 ಎಸೆತಕ್ಕೆ ಔಟಾಗದೆ 175 ಹೊಡೆದರು, ತಂಡ 263 ಪೇರಿಸಿತು. 2017ರ ಆ ರಾತ್ರಿ ಮುಗಿಯುವ ಹೊತ್ತಿಗೆ ಐಪಿಎಲ್‌ನ ಅತಿ ಹೆಚ್ಚಿನ ಮೊತ್ತವೂ ಅತಿ ಕಡಿಮೆ ಮೊತ್ತವೂ ಒಂದೇ ತಂಡದ್ದು, ಒಂದೇ ತಾರೀಖಿನದು. ಸೋಲು ಎಲ್ಲ ತಂಡಕ್ಕೂ ಇದೆ. ಪಂಚಾಂಗ ನೋಡಿಕೊಂಡು ಸೋತವರು ನಾವೊಬ್ಬರೇ! ಅಭಿಮಾನಿ ನಗುವುದು ಇದಕ್ಕೆ. 263ರ ದಾಖಲೆಯನ್ನು 2024ರಲ್ಲಿ ಹೈದರಾಬಾದ್ ಮುರಿಯಿತು. 49 ಮಾತ್ರ ಉಳಿದುಕೊಂಡಿತು.

“ಹಂಗಾದ್ರ ‘ಈ ಸಲ ಕಪ್ ನಹೀ’ ಅಂತಾರಲ್ರೀ, ಅದು ಚೆನ್ನೈನವರು ಕಟ್ಟಿದ್ದಲ್ಲೇನ್ರಿ?”

ಕಪ್ಪಣ್ಣ ಕಾಫಿ ಲೋಟ ಕೆಳಗಿಟ್ಟರು. ವೈರಿ ಕಟ್ಟಿದ್ದು ಎಂದು ಊಹಿಸುವುದೇ ಈ ಶೋಧದ ದೊಡ್ಡ ಗುಂಡಿ. ಇದನ್ನು ಆಡಿದವರು ನಮ್ಮದೇ ನಾಯಕ ಫಾಫ್ ಡುಪ್ಲೆಸಿ, 2023ರಲ್ಲಿ, ವೇದಿಕೆಯ ಮೇಲೆ. ‘ನಮ್ದೇ’ ಎನ್ನಹೋಗಿ ನಾಲಿಗೆ ‘ನಹೀ’ ಎಂದಿತು, ಪಕ್ಕದಲ್ಲಿದ್ದ ಕೊಹ್ಲಿಗೆ ನಗು ತಡೆಯಲಾಗಲಿಲ್ಲ. ಎದುರಾಳಿಗಳು ಅದನ್ನು ಎತ್ತಿಕೊಂಡದ್ದು ಆಮೇಲೆ. “ಅದಕ್ಕೇ ತುಂಡು ವಿಡಿಯೋ ನಂಬಬೇಡ. ಪಕ್ಕದಲ್ಲಿ ಯಾರು ಕೂತಿದ್ರು, ಅವರು ನಕ್ಕರಾ, ಸಿಟ್ಟಾದರಾ, ಅದನ್ನ ನೋಡು.”

ಮೂಲ ಸಿಗದಿದ್ದರೆ ಜೋಕಿನ ವಯಸ್ಸನ್ನಾದರೂ ಅಂದಾಜು ಮಾಡಬಹುದು ಎನ್ನುತ್ತಾರೆ ಕಪ್ಪಣ್ಣ. 2024ರ ಮಾರ್ಚ್ 17ರಂದು ಮಹಿಳಾ ತಂಡ ದೆಹಲಿಯಲ್ಲಿ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ, ಇನ್ನು ಮೇಲೆ ‘ನಮ್ದೇ’ ಅಲ್ಲ, ‘ನಮ್ದು’ ಎಂದರು. ಹಾಗಾಗಿ ಹಳೆಯ ಘೋಷಣೆಯನ್ನು ‘ನಮ್ದು’ ಎಂದು ತಿದ್ದಿಕೊಂಡು ಬೀಗುವ ಜೋಕು ಆ ರಾತ್ರಿಗಿಂತ ಹಳೆಯದಾಗಿರಲಾರದು. ಗಂಡಸರು ಆ ಮಾತು ಹೇಳಲು 2025ರ ಜೂನ್ 3ರವರೆಗೆ, ಹದಿನೆಂಟನೆಯ ಆವೃತ್ತಿಯವರೆಗೆ, ಕಾಯಬೇಕಾಯಿತು.

ಗೆದ್ದ ಮೇಲೆ ಕಪ್ಪಣ್ಣನಿಗೆ ಕೆಲಸ ಹೆಚ್ಚಾಗಿದೆ. ಸೋಲು ಕಾಣದೆ ಅಭಿಮಾನಿಗಳಾದ ಹೊಸಬರಿಗೆ ಹಳೆಯ ನಗು ಹತ್ತುವುದಿಲ್ಲ, ವಿವರಿಸಿದರೆ ಆಕಳಿಸುತ್ತಾರೆ. ಕಪ್ಪಣ್ಣನದು ಒಂದೇ ತೀರ್ಪು: ಜೋಕಿನ ಅರ್ಥವನ್ನು ಯಾರು ಬೇಕಾದರೂ ಹೇಳಿಯಾರು, ತಾರೀಖು ಹೇಳಬಲ್ಲವನೇ ಅಭಿಮಾನಿ. ನಿಮ್ಮ ಬಡಾವಣೆಯ ಕಪ್ಪಣ್ಣನನ್ನು ಪರೀಕ್ಷಿಸಬೇಕೆಂದಿದ್ದರೆ ಹಾಗೇ ಕೇಳಿ ನೋಡಿ. ಆದರೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ.