ಕೈ ಹೇಳಿದ ಮೇಲೆ ಮುಗೀತು

ಕೋರದ ಕಡೆ ಯಾವ ಊರಿಗೆ ಹೋದರೂ ಈ ಅಜ್ಜಿ ನಿಮಗೆ ಸಿಗುತ್ತಾರೆ. ಮಗ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು, ಸೊಸೆಗೆ ಮನೆ, ಹಸು, ಡೇರಿ. ಮೊಮ್ಮಗನ ಮೈ ಮಾತ್ರ ಅಜ್ಜಿಯ ಸುಪರ್ದಿ. ಜ್ವರಕ್ಕೆ ಅವರ ಬಳಿ ನಾಲ್ಕು ದರ್ಜೆಗಳಿವೆ. "ಬೆಚ್ಚಗೈತೆ" ಅಂದರೆ ಸ್ಕೂಲಿಗೆ ಹೋಗಬಹುದು. "ಒಸಿ ಕಾವೈತೆ" ಅಂದರೆ ಸ್ನಾನ ರದ್ದು. "ಸುಡ್ತಾ ಐತೆ" ಅಂದರೆ ಮೆಣಸಿನ ಸಾರು, ಜೊತೆಗೆ ದೃಷ್ಟಿ ತೆಗೆಯುವುದು. "ಕೆಂಡ ಕಣಮ್ಮಿ" ಅಂದರೆ ತುಮಕೂರಿಗೆ ಗಾಡಿ ತೆಗೆಯಬೇಕು. ಐದನೆಯ ದರ್ಜೆಯನ್ನು ಯಾರೂ ಕೇಳಿಲ್ಲ.

ಮಗ ಮೆಡಿಕಲ್ ಸ್ಟೋರಿನಿಂದ ಡಿಜಿಟಲ್ ಥರ್ಮಾಮೀಟರು ತಂದ ದಿನ ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಪಾದರಸಾನೇ ಇಲ್ವಲ್ಲೋ" ಅಂದರು. ತುದಿಯಲ್ಲಿ ಶಾಖಕ್ಕೆ ತಕ್ಕಂತೆ ವಿದ್ಯುತ್ತಿನ ತಡೆ ಬದಲಾಗುವ ಸಣ್ಣ ಭಾಗವೊಂದಿದೆ, ಅದೇ ಲೆಕ್ಕ ಕೊಡುತ್ತದೆ ಎಂದು ಮಗ ವಿವರಿಸಿದ. ಅಜ್ಜಿ ಅಷ್ಟರಲ್ಲಿ ಹಸುವಿಗೆ ಕಲಗಚ್ಚು ಕೊಡಲು ಹೋಗಿದ್ದರು.

ಮೊದಲ ಪಂದ್ಯ ಒಂದು ಮಧ್ಯಾಹ್ನ. ತೊಟ್ಟಿಯ ತಣ್ಣೀರಲ್ಲಿ ಮುದ್ದೆ ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ಹುಡುಗನ ಹಣೆ ಮುಟ್ಟಿದರು. "ಸುಡ್ತಾ ಐತೆ!" ಸೊಸೆ ಥರ್ಮಾಮೀಟರಿನ ಗುಂಡಿ ಒತ್ತಿದಳು. ಪರದೆಯ ಮೇಲೆ Lo ಅಂತ ಬಂತು.

"ಏನಂತೆ?"

"ಲೋ ಅಂತ ಬಂದೈತೆ ಅತ್ತೆ."

"ಮಗೀಗೆ ಲೋ ಅಂತೈತಾ ಇದು? ಮರ್ಯಾದೆ ಇಲ್ಲದ್ದು!"

ಗುಂಡಿ ಒತ್ತಿದಾಗ ತುದಿಗೆ ಮೈಯ ಕಾವಿನ್ನೂ ತಗುಲಿರುವುದಿಲ್ಲ, ಅಳತೆ ಶುರುವಾಗುವ ಮಟ್ಟಕ್ಕಿಂತ ಕೆಳಗಿದ್ದರೆ ಅದು ಹಾಗೆ ತೋರಿಸುತ್ತದೆ, ಅಷ್ಟೆ. ಕಂಕುಳಲ್ಲಿಟ್ಟು, ಬೀಪ್ ಆದ ಮೇಲೆ ತೆಗೆದರೆ 98.2. ಜ್ವರ ಇಲ್ಲ. ಅಜ್ಜಿಯ ತೀರ್ಪು: ಯಂತ್ರ ಕೆಟ್ಟಿದೆ. ನಿಜಕ್ಕೂ ಎಡವಿಸಿದ್ದು ತೊಟ್ಟಿಯ ನೀರು. ಕೈಗೆ ಡಿಗ್ರಿ ತಿಳಿಯುವುದಿಲ್ಲ, ತನಗೂ ಎದುರಿನ ಮೈಗೂ ಇರುವ ವ್ಯತ್ಯಾಸವಷ್ಟೇ ತಿಳಿಯುತ್ತದೆ. ತಣ್ಣಗಿನ ಕೈಗೆ ಯಾವ ಹಣೆಯೂ ಒಲೆಯೇ. ಹಾಗಾಗಿ ಇಂಥ ಅಜ್ಜಿಯರು "ಜ್ವರ ಇಲ್ಲ" ಅಂದರೆ ಸಾಮಾನ್ಯವಾಗಿ ನಂಬಬಹುದು, "ಐತೆ" ಅಂದರೆ ಅಳೆದು ನೋಡುವುದು ಒಳ್ಳೆಯದು. ಇದನ್ನು ಅವರ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಎರಡನೆಯ ಪಂದ್ಯ ಅವತ್ತೇ ರಾತ್ರಿ. ಹುಡುಗ ಹಲ್ಲು ಕಟಕಟ ಅನ್ನಿಸುತ್ತ ನಡುಗುತ್ತಿದ್ದ. ಸೊಸೆ ಅಂಗೈ, ಅಂಗಾಲು ಹಿಡಿದು ನೋಡಿದಳು, ತಣ್ಣಗಿತ್ತು. "ಜ್ವರ ಇಲ್ಲ ಅತ್ತೆ, ಚಳಿಗೆ." ಅಜ್ಜಿ ಕೈ ಉಜ್ಜಿಕೊಂಡರು, ಹಣೆಗೆ ಹೋಗಲಿಲ್ಲ, ಅಂಗಿ ಎತ್ತಿ ಹೊಟ್ಟೆಗೂ ಆಮೇಲೆ ಹಿಂಗತ್ತಿಗೂ ಕೈಯ ಹಿಂಬದಿ ಇಟ್ಟರು. "ಕೈಕಾಲು ತಣ್ಣಗೈತೆ ಅಂದ್ರೆ ಜ್ವರ ಏರ್ತಾ ಐತೆ ಅಂತ ಕಣಮ್ಮಿ. ಒಳಗೆ ಸುಡ್ತಾ ಐತೆ."

ಅಜ್ಜಿಯ ಈ ಮಾತಲ್ಲಿ ನಿಜವಿದೆ. ಜ್ವರ ಏರುವಾಗ ಮೈ ತನ್ನ ಶಾಖ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ತುದಿಗಳು ತಣ್ಣಗಾಗುತ್ತವೆ, ನಡುಕ ಬರುತ್ತದೆ. ಬೆವರು ಬಂದರೆ ಸಾಮಾನ್ಯವಾಗಿ ಇಳಿಯುತ್ತಿದೆ ಎಂದರ್ಥ. ಅಜ್ಜಿಗೆ ರಕ್ತನಾಳದ ವಿಷಯ ಗೊತ್ತಿಲ್ಲ, ನಾಲ್ಕು ಮಕ್ಕಳನ್ನು ಸಾಕಿದ್ದು ಗೊತ್ತು.

ಥರ್ಮಾಮೀಟರು ಮಾತ್ರ 97.4 ತೋರಿಸಿತು. ಸೊಸೆ ಗೆದ್ದೆ ಎಂದು ಮುಖ ಅರಳಿಸುವಷ್ಟರಲ್ಲಿ ಅಜ್ಜಿ ಕಂಬಳಿ ಸರಿಸಿ ನೋಡಿದರು. ತುದಿ ಕಂಕುಳಲ್ಲಿರಲಿಲ್ಲ, ಬನಿಯನ್ನಿನ ಮಡಿಕೆಯಲ್ಲಿತ್ತು. "ಬನೀನಿಗೆ ಜ್ವರ ಇಲ್ಲ, ಒಪ್ದೆ. ಈಗ ಮಗೀಗೆ ಇಡು." ಕಂಕುಳನ್ನು ಒಣಗುವಂತೆ ಒರೆಸಿ, ತುದಿಯನ್ನು ಗುಳಿಯ ನಡುವೆ ಇಟ್ಟು, ಹುಡುಗನ ತೋಳನ್ನು ಎದೆಗೆ ಒತ್ತಿ ಹಿಡಿದರು. 101.6. ಕಂಕುಳಲ್ಲಿ ಅಷ್ಟಾದರೆ ಒಳಗಿನ ಕಾವು ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ. ಡಾಕ್ಟರು ಮುಂಚೆ ಹುಡುಗನ ತೂಕ ನೋಡಿ ಬರೆದುಕೊಟ್ಟಿದ್ದ ಅಳತೆಯಲ್ಲೇ ಪ್ಯಾರಾಸಿಟಮಾಲ್ ಹೋಯಿತು, ಮೆಣಸಿನ ಸಾರೂ ಹೋಯಿತು. ದೃಷ್ಟಿ ತೆಗೆದದ್ದರಲ್ಲಿ ಮೆಣಸಿನಕಾಯಿ ಘಾಟು ಬರಲಿಲ್ಲ ಎಂದು ಒಂದು ಹೆಚ್ಚುವರಿ ವರದಿಯೂ ಬಂತು.

ಆವತ್ತಿನಿಂದ ಅಜ್ಜಿ ಥರ್ಮಾಮೀಟರನ್ನು ಮನೆಗೆ ಸೇರಿಸಿಕೊಂಡಿದ್ದಾರೆ, ಹೊಸ ಗುಮಾಸ್ತನನ್ನು ಸೇರಿಸಿಕೊಂಡ ಹಾಗೆ: ಕೆಲಸ ಮಾಡಲಿ, ಸಹಿ ನಮ್ಮದು. ಯಾರದಾದರೂ ಮಗು ಬಂದರೆ ಮೊದಲು ಕೈ, ಆಮೇಲೆ ಯಂತ್ರ. ದರ್ಜೆಗಳ ಜಾಗಕ್ಕೆ ಅಂಕಿಗಳೇ ಬಂದಿವೆ. ಮೊನ್ನೆ ಪಕ್ಕದ ಮನೆಯವಳು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಅಜ್ಜಿ ಹೊಟ್ಟೆ ಮುಟ್ಟಿ, "ನೂರಾ ಒಂದು" ಅಂದರು. ಥರ್ಮಾಮೀಟರು ಬೀಪ್ ಅಂತು, 100.8.

"ಎರಡು ಪಾಯಿಂಟು ಕಮ್ಮಿ ಬಂತಲ್ಲ ಅಜ್ಜಿ?"

"ಅವಸರದ ಸಾಮಾನು ಕಣಮ್ಮಾ ಅದು. ಏರೋದು ಒಸಿ ನಿಧಾನ ಆದ್ರೆ ಸಾಕು, ಕೂಗ್ಬುಡ್ತೈತೆ. ತೆಗೀಬ್ಯಾಡ, ಇನ್ನೊಸಿ ಹೊತ್ತು ಹಂಗೇ ಹಿಡ್ಕೊ."

ಅವಳು ಮರುಮಾತಾಡದೆ ಹಿಡಿದುಕೊಂಡಳು.